ಎರಡು ಗುಂಪುಗಳಿಗೆ ಎಷ್ಟೆಷ್ಟು ಹೊಲ ಬೇಕು?

«ಹಾವೇರಿ ತಾಲ್ಲೂಕಿನಲ್ಲಿ ಗೋವಿನಜೋಳದ ಎರಡು ಬಿತ್ತನೆ ವಿಧಾನಗಳ ಸರಾಸರಿ ಇಳುವರಿ ಹೋಲಿಸಬೇಕಿದೆ. ಗುಂಪಿಗೆ 30 ಹೊಲ ಸಾಕೇ?»

ಸಾಲುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಎಕರೆಗೆ 2 ಕ್ವಿಂಟಲ್ ವ್ಯತ್ಯಾಸವಾದರೂ ರೈತರಿಗೆ ಮುಖ್ಯವೆಂದೂ, ಹೊಲದಿಂದ ಹೊಲಕ್ಕೆ ಇಳುವರಿಯ ಮಾನಕ ವಿಚಲನೆ 5 ಕ್ವಿಂಟಲ್ ಎಂದೂ ಇಟ್ಟುಕೊಂಡರೆ, ಪರಿಣಾಮದ ಗಾತ್ರ 2/5, ಅಂದರೆ 0.4 ಆಗುತ್ತದೆ. ಶೇ. 5ರ ಸಾರ್ಥಕತೆಯ ಮಟ್ಟ (ಎರಡೂ ಬದಿಯ ಪರೀಕ್ಷೆ) ಮತ್ತು ಆ ವ್ಯತ್ಯಾಸ ನಿಜವಾಗಿದ್ದರೆ ಪರೀಕ್ಷೆ ಅದನ್ನು ಪತ್ತೆಹಚ್ಚುವ ಶೇ. 80ರ ಸಾಮರ್ಥ್ಯಕ್ಕೆ ಪ್ರತಿ ಗುಂಪಿನ ಸಂಖ್ಯೆ ಹೀಗೆ ಬರುತ್ತದೆ:

```
n = 2 × (1.96 + 0.84)² / 0.4² = 98
```

ಈ ಸೂತ್ರ ವಿಚಲನೆ ಮೊದಲೇ ತಿಳಿದಿದೆ ಎಂದು ಭಾವಿಸುವುದರಿಂದ ಉತ್ತರ ತುಸು ಕಡಿಮೆ ಬರುತ್ತದೆ. ಟಿ-ಪರೀಕ್ಷೆಗೆ ಸರಿಯಾದ ಲೆಕ್ಕವನ್ನು ಆರ್ ತಂತ್ರಾಂಶದಲ್ಲಿ ಹೀಗೆ ಪಡೆಯಬಹುದು:

```
power.t.test(delta = 2, sd = 5, power = 0.8)
```

ಇದು 99.08 ಎಂದು ತೋರಿಸುತ್ತದೆ; ಯಾವಾಗಲೂ ಮೇಲಕ್ಕೇ ಪೂರ್ಣಾಂಕ ಮಾಡಬೇಕಾದ್ದರಿಂದ ಗುಂಪಿಗೆ 100, ಒಟ್ಟು 200 ಹೊಲಗಳು.

ಹೆಚ್ಚು ಎಚ್ಚರ ಬೇಕಿರುವುದು ಆ 5ರ ವಿಷಯದಲ್ಲಿ. ಎಂಟು-ಹತ್ತು ಹೊಲಗಳ ಪೂರ್ವಪರೀಕ್ಷೆಯಿಂದ ಅದನ್ನು ಪಡೆದಿದ್ದರೆ ನಂಬಲಾಗದು. ನಿಜವಾದ ವಿಚಲನೆ 6 ಆಗಿದ್ದಲ್ಲಿ ಗುಂಪಿಗೆ 143 ಹೊಲಗಳೇ ಬೇಕು, ಏಕೆಂದರೆ ಸಂಖ್ಯೆ ವಿಚಲನೆಯ ವರ್ಗದಂತೆ ಏರುತ್ತದೆ. ಆದ್ದರಿಂದ ಕಪ್ಪು ನೆಲ, ಮಸಾರಿ ನೆಲ ಎರಡೂ ಸೇರಿರುವ ಹಿಂದಿನ ವರ್ಷಗಳ ಇಳುವರಿ ದಾಖಲೆಯಿಂದ ವಿಚಲನೆಯನ್ನು ಅಂದಾಜಿಸಿ, 5 ಮತ್ತು 6 ಎರಡಕ್ಕೂ ಲೆಕ್ಕ ಹಾಕಿದ ನಂತರವೇ ಹೊಲಗಳನ್ನು ಗೊತ್ತುಮಾಡಿರಿ.