ಡಿಕೋಡರ್ ‘ಸರಿ ಇದೆ’ ಅಂದರೂ ಡೇಟಾ ಯಾಕೆ ತಪ್ಪು?

ಪ್ರಶ್ನೆ: ಸರ್, 866 ಮೆಗಾಹರ್ಟ್ಸ್ ರೇಡಿಯೋದಲ್ಲಿ ಸೆಕೆಂಡಿಗೆ 10,000 ಬಿಟ್ ಕಳಿಸುತ್ತಿದ್ದೇನೆ. (7,4) ಹ್ಯಾಮಿಂಗ್ ಕೋಡ್ ಹಾಕಿದ್ದೇನೆ. ಮೇಜಿನ ಮೇಲೆ ಚೆನ್ನಾಗಿ ಓಡುತ್ತದೆ, ಬೈಕಿನಲ್ಲಿ ಹೋದರೆ ಡೇಟಾ ಹಾಳು. ಎಷ್ಟೋ ಸಲ ಡಿಕೋಡರ್ ತಪ್ಪೇ ಇಲ್ಲ ಅನ್ನುತ್ತದೆ. ಇಂಟರ್‌ಲೀವರ್ ಹಾಕಿದರೆ ತಪ್ಪು ಕಡಿಮೆ ಆಗುತ್ತಾ?

ದಾರಿಯಲ್ಲಿ ಕೆಡುವ ಬಿಟ್ ಒಂದೂ ಕಡಿಮೆ ಆಗುವುದಿಲ್ಲ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕಾರಣ, ಪ್ರಾಜೆಕ್ಟ್ ಮಾರುವವರು ‘ಇಂಟರ್‌ಲೀವರ್ ತಪ್ಪನ್ನು ತಿದ್ದುತ್ತದೆ’ ಎಂದು ಮಕ್ಕಳಿಗೆ ಹೇಳಿ ದುಡ್ಡು ತೆಗೆದುಕೊಳ್ಳುತ್ತಾರೆ. ಅದು ಸುಳ್ಳು. ತಿದ್ದುವುದು ಕೋಡ್. ಇಂಟರ್‌ಲೀವರ್ ಒಂದೇ ಕಡೆ ಗುಂಪಾಗಿ ಬಿದ್ದ ತಪ್ಪುಗಳನ್ನು ಬೇರೆ ಬೇರೆ ಕೋಡ್‌ವರ್ಡ್‌ಗಳಿಗೆ ಹಂಚುತ್ತದೆ, ಅಷ್ಟೇ. ಆದರೆ ನಿಮ್ಮ ಕೋಡ್ ಒಂದು ವರ್ಡ್‌ನಲ್ಲಿ ಒಂದೇ ತಪ್ಪು ತಿದ್ದಬಲ್ಲದು. ಹಾಗಾಗಿ ಆ ಹಂಚಿಕೆಯಿಂದಲೇ ನಿಮ್ಮ ಡೇಟಾ ಉಳಿಯಬೇಕು.

ಕಾಗದ ಪೆನ್ನು ತೆಗೆದುಕೊಳ್ಳಿ. 1, 2, 4ನೇ ಸ್ಥಾನದಲ್ಲಿ ಪ್ಯಾರಿಟಿ, 3, 5, 6, 7ರಲ್ಲಿ ಡೇಟಾ. 1011, 0110, 1000, 0001 ಎಂಬ ನಾಲ್ಕು ಡೇಟಾ ತುಂಡುಗಳನ್ನು ಕೋಡ್ ಮಾಡಿ ಒಂದರ ಕೆಳಗೊಂದು ಬರೆಯಿರಿ.

```
ಸಾಲು 1:  0 1 1 0 0 1 1
ಸಾಲು 2:  1 1 0 0 1 1 0
ಸಾಲು 3:  1 1 1 0 0 0 0
ಸಾಲು 4:  1 1 0 1 0 0 1
```

ಮೊದಲು ಇಂಟರ್‌ಲೀವರ್ ಇಲ್ಲದೆ, ಅಡ್ಡಸಾಲಿನ ಪ್ರಕಾರವೇ ಕಳಿಸಿ ನೋಡೋಣ. 11ರಿಂದ 14ನೇ ಬಿಟ್‌ವರೆಗೆ ಸಿಗ್ನಲ್ ಮುಳುಗಿತು, ನಾಲ್ಕೂ ಉಲ್ಟಾ ಆದವು ಎಂದಿಟ್ಟುಕೊಳ್ಳಿ. ನಾಲ್ಕೂ ಎರಡನೇ ಸಾಲಿನ 4, 5, 6, 7ನೇ ಸ್ಥಾನಗಳೇ. 1100110 ಹೋಗಿ 1101001 ಬಂತು. ಈಗ ನಾಲ್ಕನೇ ಸಾಲು ನೋಡಿ. ಅದೂ 1101001! ಅಂದರೆ ಕೆಟ್ಟ ವರ್ಡ್ ಇನ್ನೊಂದು ಸರಿಯಾದ ಕೋಡ್‌ವರ್ಡ್ ಆಗಿಬಿಟ್ಟಿದೆ. `4 XOR 5 XOR 6 XOR 7 = 0` ಆಗುವುದರಿಂದ, ತಪ್ಪು ಯಾವ ಸ್ಥಾನದಲ್ಲಿದೆ ಎಂದು ಡಿಕೋಡರ್‌ಗೆ ಹೇಳುವ ಸಂಖ್ಯೆ, ಅಂದರೆ ಸಿಂಡ್ರೋಮ್, ಸೊನ್ನೆ. ಡಿಕೋಡರ್ ‘ತಪ್ಪಿಲ್ಲ’ ಎಂದು 0110 ಬದಲು 0001 ಕೊಡುತ್ತದೆ. ನೀವು ವಿಚಿತ್ರ ಅಂದುಕೊಂಡದ್ದು ಇದೇ. ಡಿಕೋಡರ್ ಕೆಟ್ಟಿಲ್ಲ. ಅದರ ಶಕ್ತಿ ಮೀರಿದ ತಪ್ಪನ್ನು ನೀವು ಅದರ ಮುಂದಿಟ್ಟಿದ್ದೀರಿ.

ಈಗ ಅದೇ ಮ್ಯಾಟ್ರಿಕ್ಸನ್ನು ಅಡ್ಡಸಾಲಿನಲ್ಲಿ ಬರೆದು, ಕಂಬಸಾಲಿನಲ್ಲಿ ಓದಿ ಕಳಿಸಿ. ಮತ್ತೆ 11ರಿಂದ 14ರವರೆಗೆ ಕೆಡಲಿ.

```
ಕಳಿಸಿದ್ದು: 0111 1111 1010 0001 0100 1100 1001
ಬಂದದ್ದು: 0111 1111 1001 1101 0100 1100 1001
```

ಬಂದದ್ದನ್ನು ಕಂಬಸಾಲಿನಲ್ಲಿ ತುಂಬಿ, ಅಡ್ಡಸಾಲಿನಲ್ಲಿ ಓದಿ. ಒಂದೊಂದು ಸಾಲಿನಲ್ಲೂ 1 ಇರುವ ಸ್ಥಾನಗಳ ಸಂಖ್ಯೆಗಳನ್ನು XOR ಮಾಡಿದರೆ ಸಿಂಡ್ರೋಮ್ ಸಿಗುತ್ತದೆ.

```
0111011  →  4
1101110  →  4
1100000  →  3
1111001  →  3
```

ಮೊದಲೆರಡು ಸಾಲಿನಲ್ಲಿ 4ನೇ ಬಿಟ್, ಉಳಿದೆರಡರಲ್ಲಿ 3ನೇ ಬಿಟ್ ತಿರುಗಿಸಿ. ನಾಲ್ಕೂ ಸಾಲು ಮೊದಲಿನಂತೆ ಆಯಿತು. ಕೆಟ್ಟ ಬಿಟ್ ಆಗಲೂ ನಾಲ್ಕು, ಈಗಲೂ ನಾಲ್ಕು. ಆದರೆ ಈಗ ಸಾಲಿಗೊಂದು.

ಇಷ್ಟಕ್ಕೇ ಖುಷಿಪಟ್ಟು ನಿಲ್ಲಿಸಬೇಡಿ. 15ನೇ ಬಿಟ್ಟೂ ಕೆಟ್ಟರೆ? ಮೂರನೇ ಸಾಲಿಗೆ ಎರಡನೇ ತಪ್ಪು ಬೀಳುತ್ತದೆ. ಅದು 1101000 ಆಗುತ್ತದೆ, ಸಿಂಡ್ರೋಮ್ 7. ಡಿಕೋಡರ್ ಸರಿಯಿದ್ದ 7ನೇ ಬಿಟ್ಟನ್ನೇ ತಿರುಗಿಸಿ ಮೂರನೇ ತಪ್ಪು ಸೇರಿಸುತ್ತದೆ. ನಾಲ್ಕು ಸಾಲು ಅಂದರೆ ನಾಲ್ಕು ಬಿಟ್‌ನ ಬರ್ಸ್ಟ್‌ವರೆಗೆ ಮಾತ್ರ ಭರವಸೆ.

ಹಾಗಾದರೆ ನಿಮಗೆ ಎಷ್ಟು ಸಾಲು ಬೇಕು? ಅದನ್ನು ಬೈಕಿನ ವೇಗ ಹೇಳುತ್ತದೆ. 60 ಕಿ.ಮೀ. ವೇಗದಲ್ಲಿ ನಿಮ್ಮ ಡಾಪ್ಲರ್ ಸುಮಾರು 48 ಹರ್ಟ್ಸ್. ನೇರ ದೃಷ್ಟಿ ಇಲ್ಲದ, ಅಂದರೆ ರೇಲೀ ಫೇಡಿಂಗ್ ಇರುವ ದಾರಿ ಎಂದುಕೊಳ್ಳೋಣ. ಸಿಗ್ನಲ್ ತನ್ನ ಸರಾಸರಿಗಿಂತ 20 ಡೆಸಿಬೆಲ್ ಕೆಳಗೆ ಹೋದಾಗ ಮಾತ್ರ ನಿಮ್ಮ ರಿಸೀವರ್ ಸೋಲುತ್ತದೆ ಎಂದಾದರೆ, ಒಂದೊಂದು ಫೇಡ್ ಸರಾಸರಿ 0.8 ಮಿಲಿಸೆಕೆಂಡ್ ಇರುತ್ತದೆ. ಅಂದರೆ 8 ಬಿಟ್. ಇದು ಸರಾಸರಿ ಮಾತ್ರ, ಎರಡು ಮೂರು ಪಟ್ಟು ಉದ್ದದ್ದೂ ಬರುತ್ತವೆ. ನಾನಾಗಿದ್ದರೆ 24 ಸಾಲು ಇಡುತ್ತೇನೆ. 24×7 ಅಂದರೆ 168 ಬಿಟ್, 16.8 ಮಿಲಿಸೆಕೆಂಡ್. ಫೇಡ್‌ಗಳು ಸರಾಸರಿ 84 ಮಿಲಿಸೆಕೆಂಡಿಗೊಂದು ಬರುವುದರಿಂದ ಒಂದೇ ಮ್ಯಾಟ್ರಿಕ್ಸ್‌ಗೆ ಎರಡು ಬೀಳುವುದು ಅಪರೂಪ. ಅಪರೂಪ ಅಂದೆ, ಬೀಳುವುದೇ ಇಲ್ಲ ಅನ್ನಲಿಲ್ಲ. ಇನ್ನು ಫೇಡ್ ಒಳಗಿನ ಎಲ್ಲ ಬಿಟ್ಟೂ ಕೆಡುವುದಿಲ್ಲ. ಸಿಗ್ನಲ್ ಪೂರ್ತಿ ಮುಳುಗಿದರೂ ಸುಮಾರು ಅರ್ಧ ಬಿಟ್ ಆಕಸ್ಮಿಕವಾಗಿ ಸರಿ ಇರುತ್ತವೆ. ಅದನ್ನು ನಂಬಿ ಸಾಲು ಕಡಿಮೆ ಮಾಡಬೇಡಿ.

ಈಗ ಬೈಕ್ ಬಿಟ್ಟು ನಡೆಯಿರಿ. ಗಂಟೆಗೆ 3 ಕಿ.ಮೀ. ಫೇಡ್ 20 ಪಟ್ಟು ಉದ್ದ, ಅಂದರೆ 167 ಬಿಟ್. ಅದೇ ಲೆಕ್ಕದಲ್ಲಿ 480 ಸಾಲು ಬೇಕು. ಮ್ಯಾಟ್ರಿಕ್ಸ್ ತುಂಬುವವರೆಗೆ ಓದುವ ಹಾಗಿಲ್ಲ, ಆ ಕಡೆಯೂ ಹಾಗೆಯೇ. ಒಂದೊಂದು ಕಡೆ 336 ಮಿಲಿಸೆಕೆಂಡ್, ಒಟ್ಟು ಮುಕ್ಕಾಲು ಸೆಕೆಂಡಿಗೆ ಹತ್ತಿರ. ತಾಪಮಾನದ ಅಂಕಿ ಕಳಿಸುವುದಾದರೆ ನಡೆಯುತ್ತದೆ. ಮಾತು ಕಳಿಸುವುದಾದರೆ ಸಂಭಾಷಣೆಯೇ ಕೆಡುತ್ತದೆ. ಜಿಎಸ್ಎಂ ಫೋನಿನಲ್ಲಿ 20 ಮಿಲಿಸೆಕೆಂಡಿನ ಮಾತು 456 ಬಿಟ್ ಆಗಿ, 57ರಂತೆ ಎಂಟು ತುಂಡಾಗಿ ಮಾತ್ರ ಹಂಚಿಹೋಗುತ್ತದೆ. ಕೋಡ್ ಅಲ್ಲಿ ಬೇರೆ ಜಾತಿಯದು, ಆದರೆ ತಡದ ಕಟ್ಟುಪಾಡು ಇದೇ. ನಿಧಾನವಾಗಿ ನಡೆಯುವವರಿಗೆ ಅಷ್ಟು ಹಂಚಿಕೆ ಸಾಲದು, ಅದಕ್ಕೇ ಫ್ರೀಕ್ವೆನ್ಸಿ ಹಾಪಿಂಗ್ ಸೇರಿಸುತ್ತಾರೆ.

ಪ್ರಶ್ನೆ: ಸಿಮ್ಯುಲೇಶನ್‌ನಲ್ಲಿ ಇಂಟರ್‌ಲೀವರ್ ಇದ್ದರೂ ಇಲ್ಲದಿದ್ದರೂ ಬಿಇಆರ್ ಒಂದೇ. ಸುಮ್ನೆ ದಂಡ ಅಲ್ವಾ?

ನೀವು ಎಡಬ್ಲ್ಯೂಜಿಎನ್ ಚಾನೆಲ್ ಹಾಕಿದ್ದೀರಿ. ಅಲ್ಲಿ ತಪ್ಪುಗಳು ಮೊದಲೇ ಚದುರಿವೆ, ಚದುರಿಸುವುದಕ್ಕೆ ಏನೂ ಇಲ್ಲ.

ಪ್ರಶ್ನೆ: ಬೈಕ್ ಸಿಗ್ನಲ್‌ನಲ್ಲಿ ನಿಂತಾಗ ಏನೂ ಬರುವುದಿಲ್ಲ. ಸಾಲು ಜಾಸ್ತಿ ಮಾಡಲಾ?

ಬೇಡ. ನಿಂತ ಆಂಟೆನಾ ಫೇಡ್ ಒಳಗೇ ನಿಂತಿದೆ. ಅದನ್ನು ಅರ್ಧ ಗೇಣು ಸರಿಸಿ, ಇಲ್ಲವೇ ಎರಡನೇ ಆಂಟೆನಾ ಹಾಕಿ.

ಪ್ರಶ್ನೆ: ಇಂಟರ್‌ಲೀವರ್ ಹಾಕಿದ ಮೇಲೆ ಮೇಜಿನ ಮೇಲೂ ಎಲ್ಲ ಕಸವೇ ಬರುತ್ತಿದೆ. ಕೋಡ್ ಬದಲಿಸಲಾ?

ಕೋಡ್ ಮುಟ್ಟಬೇಡಿ. ಸಿಂಡ್ರೋಮ್ ಎಣಿಸಿ. ಹತ್ತಿರ ಇಟ್ಟ ಲಿಂಕಿನಲ್ಲಿ ಹೆಚ್ಚುಕಡಿಮೆ ಎಲ್ಲ ಸೊನ್ನೆ ಇರಬೇಕು. ಎಂಟು ಸಾಲಿನಲ್ಲಿ ಏಳು ಸೊನ್ನೆಯಲ್ಲದಿದ್ದರೆ ಡಿಕೋಡರ್ ಅಡ್ಡಾದಿಡ್ಡಿ ಬಿಟ್ ನೋಡುತ್ತಿದೆ ಎಂದರ್ಥ, ಯಾಕೆಂದರೆ 128 ವರ್ಡ್‌ಗಳಲ್ಲಿ ಕೋಡ್‌ವರ್ಡ್ 16 ಮಾತ್ರ. ಆಗ ಮ್ಯಾಟ್ರಿಕ್ಸ್ ಎಲ್ಲಿ ಶುರುವಾಗುತ್ತದೆ ಎಂಬುದನ್ನು ರಿಸೀವರ್ ತಪ್ಪು ಹಿಡಿದಿದೆ, ಇಲ್ಲವೇ ನೀವು ಎರಡೂ ಕಡೆ ಅಡ್ಡಸಾಲಿನಲ್ಲೇ ಬರೆದಿದ್ದೀರಿ. ನಾನು ಒಂದು ವಾರ ಕೋಡ್ ಹುಡುಕಿದ ಮೇಲೆ ಸಿಕ್ಕಿದ್ದು ಒಂದೇ ಒಂದು ಬಿಟ್‌ನ ಜರುಗು. ಅಂದಿನಿಂದ ಪ್ರತಿ ಮ್ಯಾಟ್ರಿಕ್ಸ್ ಮುಂದೆ ಗುರುತಿನ ವರ್ಡ್ ಕಳಿಸದೆ ಯಾವ ಲಿಂಕನ್ನೂ ಹೊರಗೆ ಒಯ್ದಿಲ್ಲ.