ಮತ್ತೇಭವಿಕ್ರೀಡಿತದಲ್ಲಿ ಕಡಲ ಸೂರ್ಯಾಸ್ತ: ಒಂದು ಪದ್ಯ, ಅದರ ಪ್ರಸ್ತಾರ

ಪ್ರಶ್ನೆ: ಮಂಡ್ಯದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ಕಡಲಿನ ಮೇಲಿನ ಸೂರ್ಯಾಸ್ತವನ್ನು ಮತ್ತೇಭವಿಕ್ರೀಡಿತದಲ್ಲಿ ಬರೆಯಲು ಹೊರಟೆ. ‘ಕಡಲಿನ ತೆರೆಯ ಮೇಲೆ ಸೂರ್ಯನಿಳಿದು ಕೆಂಪಾದುದು ನೀರು’ ಎಂಬ ಸಾಲಿನಲ್ಲಿ ಇಪ್ಪತ್ತು ಅಕ್ಷರ ಸರಿಯಾಗಿ ಕೂತಿದೆ, ಆದರೂ ಓದಿದರೆ ನಡೆ ಬರುತ್ತಿಲ್ಲ. ಸರಿಯಾದ ಪದ್ಯವೊಂದನ್ನು ಬರೆದು, ಹೇಗೆ ಕಟ್ಟಿದಿರಿ ಎಂದು ತೋರಿಸುವಿರಾ?

ಉತ್ತರ: ಮೈಸೂರಿನಲ್ಲಿ ಸಂಜೆ ಹೊತ್ತು ನಾಲ್ಕಾರು ಹುಡುಗರಿಗೆ ಛಂದಸ್ಸು ಹೇಳಿಕೊಡುತ್ತೇನೆ. ಈ ಮಾತು ಅವರಿಂದಲೂ ಕೇಳುತ್ತಿರುತ್ತೇನೆ. ಅಕ್ಷರವೃತ್ತ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಬೆರಳು ಮಡಿಸಿ ಇಪ್ಪತ್ತು ಎಣಿಸಿದರೆ ಅರ್ಧ ಕೆಲಸವೂ ಆಗುವುದಿಲ್ಲ, ಯಾವ ಸ್ಥಾನದಲ್ಲಿ ಗುರು, ಯಾವ ಸ್ಥಾನದಲ್ಲಿ ಲಘು ಎಂಬುದೇ ವೃತ್ತ. ಗಣಗಳು ಸ, ಭ, ರ, ನ, ಮ, ಯ. ಕೊನೆಗೆ ಒಂದು ಲಘು, ಒಂದು ಗುರು. ಪ್ರಸ್ತಾರ ಹೀಗೆ:

```
UU–  –UU  –U–  UUU  –––  U––  U –
```

ಹತ್ತು ಲಘು, ಹತ್ತು ಗುರು. ಅಂದರೆ ಮೂವತ್ತು ಮಾತ್ರೆ. ಈಗ ನಿಮ್ಮ ಸಾಲನ್ನು ನೋಡಿ. ಅದರಲ್ಲಿ ಗುರು ಇರುವುದು ಐದೇ: ಮೇ, ಸೂ, ಕೆಂ, ಪಾ, ನೀ. ಒಟ್ಟು ಇಪ್ಪತ್ತೈದು ಮಾತ್ರೆ. ಮೊದಲ ಎರಡು ಲಘು ಸರಿಯಾಗಿ ಬಂದಿವೆ, ಮೂರನೆಯ ಅಕ್ಷರದಲ್ಲೇ ಕಾಲು ಜಾರಿದೆ. ಅಲ್ಲಿಯೂ ನಾಲ್ಕನೆಯದರಲ್ಲಿಯೂ ಗುರು ಬೇಕು, ನಿಮ್ಮಲ್ಲಿ ‘ಲಿ’, ‘ನ’ ಎಂಬ ಲಘುಗಳಿವೆ. ನಡೆ ಬರುತ್ತಿಲ್ಲ ಎಂದು ನಿಮ್ಮ ಕಿವಿ ಹೇಳಿದ್ದು ನಿಜ.

ನಾನು ಕಟ್ಟಿದ ಪದ್ಯ ಇದು:

ಪಡುವಲ್ ದಿಕ್ಕಿನ ಮೇರೆಯೊಳ್ ತರಣಿಬಿಂಬಂ ನೀರ್ಗೆ ಮೆಯ್ಯೊಡ್ಡಲುಂ
ಕಡಲೊಳ್ ಚೆಲ್ಲಿದ ಪೊನ್ನವೊಲ್ ಮಿಸುಗೆ ಕೆಂಬಣ್ಣಂ ತರಂಗಂಗಳೊಳ್
ಪಡಗಿಂದಂ ತಡಿಗೆಯ್ದಿ ಬಂದ ಬಲೆಗಾರರ್ಗಂ ಮೊಗಂ ಪೊನ್ನೆನಲ್
ಬಡವರ್ಗಂ ಸಿರಿಯಿತ್ತನೊಂದು ನಿಮಿಷಂ ಸಂಧ್ಯಾಧನಾಧೀಶ್ವರಂ

ಪಡುವಣ ದಿಗಂತದಲ್ಲಿ ಸೂರ್ಯಬಿಂಬ ನೀರಿಗೆ ಮೈಯೊಡ್ಡುತ್ತಿದೆ. ಕಡಲಲ್ಲಿ ಚೆಲ್ಲಿದ ಚಿನ್ನದಂತೆ ಅಲೆಗಳಲ್ಲಿ ಕೆಂಪು ಮಿನುಗುತ್ತಿದೆ. ಹಡಗಿನಿಂದ ದಡಕ್ಕೆ ಬಂದ ಬಲೆಗಾರರ ಮುಖವೂ ಹೊನ್ನೆನ್ನುವಂತಿದೆ. ಹೀಗೆ ಸಂಜೆಯೆಂಬ ಕುಬೇರ ಬಡವರಿಗೂ ಒಂದು ನಿಮಿಷದ ಮಟ್ಟಿಗೆ ಸಿರಿಯನ್ನು ಕೊಟ್ಟ. ನಮ್ಮ ಕಡೆಯಲ್ಲಾದರೆ ‘ಬೆಸ್ತರು’ ಎನ್ನುವುದು ಬಾಯಿಗೆ ಮೊದಲು ಬರುತ್ತದೆ. ಆದರೆ ಅದು ಕಾವೇರಿ ದಂಡೆಯ ಮಾತು, ಕರಾವಳಿಯಲ್ಲಿ ಮೊಗವೀರರು. ಚಿತ್ರ ಕಡಲಿನದಾದ್ದರಿಂದ ಎರಡೂ ಕಡೆಗೆ ಸಲ್ಲುವ ‘ಬಲೆಗಾರರ್’ ಇಟ್ಟೆ. ಹರಿಗೋಲನ್ನೂ ಅದೇ ಕಾರಣಕ್ಕೆ ಬಿಟ್ಟೆ.

ಎರಡನೆಯ ಸಾಲನ್ನು ಅಕ್ಷರ ಬಿಡಿಸಿ ತೋರಿಸುತ್ತೇನೆ, ಉಳಿದ ಮೂರನ್ನು ನೀವೇ ಬಿಡಿಸಬಹುದು.

```
ಕ ಡ ಲೊಳ್ | ಚೆಲ್ ಲಿ ದ | ಪೊನ್ ನ ವೊಲ್ | ಮಿ ಸು ಗೆ
U U –     | –   U U   | –   U –    | U U U

ಕೆಂ ಬಣ್ ಣಂ | ತ ರಂ ಗಂ | ಗ | ಳೊಳ್
–  –  –   | U –  –  | U | –
```

ಇದನ್ನು ನಾನು ಮೊದಲಿನಿಂದ ಕೊನೆಗೆ ಬರೆಯಲಿಲ್ಲ, ಕೊನೆಯಿಂದ ಹಿಂದಕ್ಕೆ ಬರೆದೆ. ಈ ವೃತ್ತದಲ್ಲಿ ಕನ್ನಡಕ್ಕೆ ಕಷ್ಟ ಕೊಡುವ ಜಾಗ ಹದಿಮೂರರಿಂದ ಹದಿನೆಂಟರವರೆಗಿನದು: ಸಾಲಾಗಿ ಮೂರು ಗುರು, ಒಂದೇ ಲಘು, ಮತ್ತೆ ಎರಡು ಗುರು. ಮುಂದಿನಿಂದ ಬರೆಯುತ್ತ ಬಂದವರು ಇಲ್ಲಿಗೆ ತಲುಪುವಾಗ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿರುತ್ತಾರೆ, ಆಮೇಲೆ ‘ತಾಂ’, ‘ದಲ್’, ‘ಕರಂ’ ಎಂದು ಸಿಕ್ಕಿದ್ದನ್ನು ತುರುಕುತ್ತಾರೆ. ಅದರ ಬದಲು ಕೊನೆಯ ಐದಕ್ಷರಕ್ಕೆ, ಅಂದರೆ U––U– ಎಂಬ ತುಂಡಿಗೆ, ಮೊದಲೇ ಗಟ್ಟಿ ಪದ ಹುಡುಕಿ. ‘ತರಂಗಂಗಳೊಳ್’ ಇಡೀ ಪದವೇ ಆ ಅಚ್ಚಿನಲ್ಲಿ ಇದೆ. ‘ಧನಾಧೀಶ್ವರಂ’ ಕೂಡ ಹಾಗೆಯೇ. ‘ಮೊಗಂ ಪೊನ್ನೆನಲ್’ ಎರಡು ಪದ ಸೇರಿ ಆಯಿತು. ಮೊದಲ ಸಾಲಿನಲ್ಲಿ ‘ನೀರ್ಗೆ’ ಪದದ ‘ಗೆ’ ಲಘುವಾಗಿ ನಿಂತು, ‘ಮೆಯ್ಯೊಡ್ಡಲುಂ’ ಮಿಕ್ಕದ್ದನ್ನು ತುಂಬಿತು. ಬಾಲ ಸಿಕ್ಕಿದ ಮೇಲೆ ಅದರ ಹಿಂದೆ ಮೂರು ಗುರು ಬೇಕು, ‘ಕೆಂಬಣ್ಣಂ’ ಬಂತು. ಅಷ್ಟಾದರೆ ಸಾಲಿನ ಅರ್ಥವೂ ನಿಂತಂತೆಯೇ, ಮುಂಭಾಗ ಸಡಿಲವಾದ ಜಾಗ.

ಹಳಗನ್ನಡ ಯಾಕೆ ಬೇಕು ಎಂದು ನೀವು ಕೇಳಿಲ್ಲ, ಆದರೆ ನಿಮ್ಮ ಸಾಲಿನ ತೊಡಕು ಅಲ್ಲಿಯೇ ಇರುವುದರಿಂದ ಹೇಳುತ್ತೇನೆ. ಹೊಸಗನ್ನಡದ ಪದಗಳು ಬಹುಪಾಲು ಸ್ವರದಲ್ಲಿ, ಅದೂ ಹ್ರಸ್ವದಲ್ಲಿ ಮುಗಿಯುತ್ತವೆ: ನೀರು, ಕಡಲು, ಬಣ್ಣ, ಅಲೆಯಲ್ಲಿ. ಪ್ರತಿ ಪದದ ತುದಿಯಲ್ಲೂ ಒಂದು ಲಘು ಬೇಡವೆಂದರೂ ಬರುತ್ತದೆ. ಹಳಗನ್ನಡದಲ್ಲಿ ‘ನೀರ್’, ‘ಕಡಲ್’ ಎಂದು ವ್ಯಂಜನಕ್ಕೆ ನಿಲ್ಲಬಹುದು, ‘ಬಣ್ಣಂ’ ಎಂದು ಬಿಂದುವಿಗೆ ನಿಲ್ಲಬಹುದು. ಸಪ್ತಮಿಯನ್ನೇ ನೋಡಿ: ‘ಕಡಲಲ್ಲಿ’ ಎಂದರೆ UU–U, ‘ಕಡಲೊಳ್’ ಎಂದರೆ, ಮುಂದೆ ವ್ಯಂಜನ ಬಂದರೆ, UU–. ಆ ಒಂದು ಲಘು ಕಳೆದದ್ದರಿಂದಲೇ ನಾಲ್ಕನೆಯ ಸ್ಥಾನದಲ್ಲಿ ‘ಚೆಲ್’ ಎಂಬ ಗುರುವಿಗೆ ಜಾಗ ಸಿಕ್ಕಿತು. ಹೊಸಗನ್ನಡದಲ್ಲಿ ಈ ವೃತ್ತ ಬರೆಯಲೇಬಾರದು ಎನ್ನುವ ಹಟ ನನ್ನದಲ್ಲ. ಅಭ್ಯಾಸಕ್ಕೆ ಹಳಗನ್ನಡವೇ ಸಲೀಸು ಎನ್ನುತ್ತೇನೆ, ಅಷ್ಟೆ.

ಇನ್ನು ಪ್ರಾಸ. ಕನ್ನಡದಲ್ಲಿ ನಾಲ್ಕೂ ಪಾದಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಅದರ ಹಿಂದಿನ ಅಕ್ಷರದ ತೂಕವೂ ಒಂದೇ ಆಗಿರಬೇಕು. ನಾಗವರ್ಮನ ಛಂದೋಂಬುಧಿ ಆರು ಪ್ರಾಸಗಳನ್ನು ಹೇಳುತ್ತದೆ: ಸಿಂಹ, ಗಜ, ವೃಷಭ, ಅಜ, ಶರಭ, ಹಯ. ಮತ್ತೇಭವಿಕ್ರೀಡಿತ ಬರೆಯುವವರಿಗೆ ಈ ಆರರಲ್ಲಿ ಆಯ್ಕೆಯೇ ಇಲ್ಲ. ಮೊದಲ ಅಕ್ಷರ ಲಘುವಾಗಿರಬೇಕಾದ್ದರಿಂದ ಅದು ದೀರ್ಘವಾಗುವಂತಿಲ್ಲ, ಹಾಗಾಗಿ ಗಜಪ್ರಾಸ ಹೋಯಿತು. ಬಿಂದು, ವಿಸರ್ಗ ಬರುವಂತಿಲ್ಲ, ವೃಷಭವೂ ಅಜವೂ ಹೋದವು. ಎರಡನೆಯದು ಒತ್ತಕ್ಷರವಾದರೆ ಮೊದಲನೆಯದು ಗುರುವಾಗಿಬಿಡುತ್ತದೆ, ಆದ್ದರಿಂದ ಶರಭ, ಹಯ ಎರಡೂ ಸಲ್ಲವು. ಉಳಿದದ್ದು ಸಿಂಹಪ್ರಾಸ ಒಂದೇ. ಮದ್ದಾನೆಯ ಹೆಸರಿನ ವೃತ್ತದ ಬಾಗಿಲಲ್ಲಿ ಸಿಂಹ ಕೂತಿದೆ, ಗಜಕ್ಕೆ ಪ್ರವೇಶವಿಲ್ಲ! ನನಗೆ ಇದು ಯಾವಾಗಲೂ ನಗು ತರಿಸುತ್ತದೆ.

ನಗು ಬಿಟ್ಟು ಕೆಲಸಕ್ಕೆ ಬಂದರೆ, ಇದರಿಂದ ಒಂದು ಅನುಕೂಲವೂ ಇದೆ. ಪ್ರಾಸಾಕ್ಷರ ಆರಿಸುವಾಗ ಎರಡು ಲಘುವಿನಿಂದ ಆರಂಭವಾಗುವ, ವಿಷಯಕ್ಕೆ ಹತ್ತಿರದ ಪದಗಳು ಯಾವ ವ್ಯಂಜನದಲ್ಲಿ ಹೆಚ್ಚಿವೆ ಎಂದು ನೋಡಿದರೆ ಸಾಕು. ಕಡಲ ಸೂರ್ಯಾಸ್ತಕ್ಕೆ ಡಕಾರ ತಾನಾಗಿ ಕೈಗೆ ಬರುತ್ತದೆ: ಕಡಲ್, ಪಡುವಲ್, ಪಡಗು, ತಡಿ, ಬಡವರ್, ಒಡೆಯಂ. ನೀವೂ ‘ಕಡಲಿನ’ ಎಂದೇ ತೊಡಗಿದ್ದೀರಿ, ಆದ್ದರಿಂದ ಆ ಪದವನ್ನು ಬಿಡದೆ ಉಳಿಸಿಕೊಂಡೆ. ‘ಸೂರ್ಯ’, ‘ಸಂಧ್ಯೆ’, ‘ಅಸ್ತ’ ಎಂಬ ಪದಗಳಿಂದ ಪಾದ ಆರಂಭಿಸುವ ಆಸೆ ಮಾತ್ರ ಬೇಡ, ಮೂರರಲ್ಲೂ ಮೊದಲಕ್ಷರ ಗುರು.

ಕಣ್ಣು ತಪ್ಪಿಸಿ ನುಗ್ಗುವ ದೋಷ ಇನ್ನೊಂದಿದೆ. ಎರಡನೆಯ ಸಾಲಿನಲ್ಲಿ ‘ಮಿಸುಗೆ’ ಆದ ಮೇಲೆ ‘ಸ್ವರ್ಣ’ ಎಂಬ ಪದ ಇಟ್ಟರೆ ಅರ್ಥಕ್ಕೆ ಏನೂ ತೊಂದರೆಯಿಲ್ಲ, ಚೆಲುವಾಗಿಯೂ ಕೇಳುತ್ತದೆ. ಆದರೆ ‘ಸ್ವ’ ಒತ್ತಕ್ಷರವಾದ್ದರಿಂದ ಅದರ ಹಿಂದಿನ ‘ಗೆ’ ಗುರುವಾಗುತ್ತದೆ, ನಗಣದ ಮೂರನೆಯ ಲಘು ಕೆಡುತ್ತದೆ. ಪದಗಳನ್ನು ಬಿಡಿಬಿಡಿಯಾಗಿ ಪ್ರಸ್ತಾರ ಹಾಕುವವರಿಗೆ ಇದು ಕಾಣುವುದೇ ಇಲ್ಲ. ಸಾಲನ್ನು ನಡುವೆ ಜಾಗ ಬಿಡದೆ ಒಂದೇ ಉದ್ದಕ್ಕೆ ಬರೆದು ಆಮೇಲೆ ಗುರುಲಘು ಗುರುತಿಸಿ. ನಾಲ್ಕನೆಯ ಸಾಲಿನಲ್ಲಿ ‘ಧೀಶ್ವರಂ’ ಇದೆಯಲ್ಲ ಎನ್ನಬಹುದು. ಅಲ್ಲಿ ಒತ್ತಕ್ಷರದ ಹಿಂದಿರುವ ‘ಧೀ’ ಹೇಗೂ ದೀರ್ಘ, ಗುರು ಬೇಕಾದ ಸ್ಥಾನವೂ ಹೌದು, ಆದ್ದರಿಂದ ಏನೂ ಕೆಡುವುದಿಲ್ಲ.

ಯತಿಯ ವಿಷಯದಲ್ಲಿ ಕನ್ನಡ ಕವಿಗಳು ಉದಾರಿಗಳು. ಹದಿಮೂರನೆಯ ಅಕ್ಷರದ ಬಳಿ ನಿಲುಗಡೆ ಹೇಳುತ್ತಾರೆ. ನನ್ನ ನಾಲ್ಕನೆಯ ಸಾಲು ‘ನಿಮಿಷಂ’ ಎಂದು ಸರಿಯಾಗಿ ಅಲ್ಲಿಯೇ ನಿಲ್ಲುತ್ತದೆ, ಉಳಿದ ಮೂರು ಸಾಲುಗಳಲ್ಲಿ ಆ ಸ್ಥಾನ ಪದದ ನಡುವೆ ಬಿದ್ದಿದೆ: ಬಿಂ-ಬಂ, ಕೆಂ-ಬಣ್ಣಂ, ಬಲೆಗಾ-ರರ್ಗಂ. ಕನ್ನಡದಲ್ಲಿ ಇದಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ಅರ್ಥ ಸಾಲಿನಿಂದ ಸಾಲಿಗೆ ಹರಿಯುವ ಮೊದಲ ಮೂರರಲ್ಲಿ ನಿಲುಗಡೆ ಇಲ್ಲದಿರುವುದೇ ನನಗೆ ಇಷ್ಟ. ಮಾತು ಮುಗಿಯುವ ಕೊನೆಯ ಸಾಲಿನಲ್ಲಿ ಅದು ಬೇಕೆನಿಸಿತು. ತೆಲುಗಿನ ಮತ್ತೇಭದಲ್ಲಿ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ಹದಿನಾಲ್ಕನೆಯ ಅಕ್ಷರ ಮೊದಲ ಅಕ್ಷರಕ್ಕೆ ಹೊಂದಬೇಕು.

ಪ್ರಸ್ತಾರ ನೆನಪಿನಲ್ಲಿ ಉಳಿಯಲು ಲಕ್ಷಣದ ಸಾಲನ್ನೇ ಬಾಯಿಪಾಠ ಮಾಡಿ: ‘ಸಭರಂ ನಂ ಮಯಲಂಗಮುಂ ಬಗೆಗೊಳಲ್ ಮತ್ತೇಭವಿಕ್ರೀಡಿತಂ’. ಗಣಗಳ ಹೆಸರನ್ನು ಹೇಳುವ ಆ ಸಾಲು ತಾನೇ ಅದೇ ವೃತ್ತದಲ್ಲಿದೆ. ಕೊನೆಯ ಏಳಕ್ಷರದಲ್ಲಿ ವೃತ್ತದ ಹೆಸರೇ ಕೂತಿರುವುದರಿಂದ, ಬಾಲಕ್ಕೆ ಪದ ಹುಡುಕುವಾಗ ‘ಮತ್ತೇಭವಿಕ್ರೀಡಿತಂ’ ಎಂದು ಒಮ್ಮೆ ಹೇಳಿಕೊಂಡು ಅದೇ ಧಾಟಿಯಲ್ಲಿ ನಿಮ್ಮ ಪದ ಇಟ್ಟು ನೋಡಬಹುದು.

ನಾಲ್ಕು ಪಾದ ಕೈಗೆ ಹತ್ತಿದ ಮೇಲೆ ಮುಂದಿನ ಅಭ್ಯಾಸ ಶಾರ್ದೂಲವಿಕ್ರೀಡಿತ. ಮತ್ತೇಭದ ಮೊದಲ ಎರಡು ಲಘುಗಳ ಜಾಗದಲ್ಲಿ ಒಂದು ಗುರು ಇಟ್ಟರೆ ಹತ್ತೊಂಬತ್ತು ಅಕ್ಷರದ ಶಾರ್ದೂಲ ಬರುತ್ತದೆ, ಉಳಿದದ್ದೆಲ್ಲ ಹಾಗೆಯೇ. ‘ಕಡಲೊಳ್ ಚೆಲ್ಲಿದ’ ಎಂಬುದನ್ನು ‘ನೀರೊಳ್ ಚೆಲ್ಲಿದ’ ಎಂದು ಮಾಡಿ ಸಾಲನ್ನು ಪೂರ್ತಿ ಓದಿ, ಎಲ್ಲೂ ಎಡವುವುದಿಲ್ಲ. ಆದರೆ ಪ್ರಾಸಾಕ್ಷರ ಡಕಾರದಿಂದ ರಕಾರಕ್ಕೆ ಹೋಯಿತು, ಅದರ ಹಿಂದೆ ದೀರ್ಘ ಬಂದದ್ದರಿಂದ ಸಿಂಹ ಹೋಗಿ ಗಜ ಬಂತು. ಆದ್ದರಿಂದ ಉಳಿದ ಮೂರು ಪಾದಗಳನ್ನು ‘ತೀರಂ’, ‘ದೂರಂ’, ‘ಭಾರಂ’ ಎಂಬಂಥ ಪದಗಳಿಂದ ಹೊಸದಾಗಿ ಎತ್ತಿಕೊಳ್ಳಬೇಕು. ಬರೆದು ಕಳುಹಿಸಿ, ಪ್ರಸ್ತಾರ ಹಾಕಿ ನೋಡುತ್ತೇನೆ.