ಗಾಣದ ಎಣ್ಣೆ ಮತ್ತು ಹಿಂಡಿ: ಒಂದೇ ಖರ್ಚನ್ನು ಎರಡಕ್ಕೆ ಹಂಚುವ ಲೆಕ್ಕ

«ನೂರು ಕಿಲೋ ಶೇಂಗಾ ಬೀಜ ಗಾಣಕ್ಕೆ ಹಾಕಿದರೆ 42 ಕಿಲೋ ಎಣ್ಣೆ, 56 ಕಿಲೋ ಹಿಂಡಿ ಬರುತ್ತಿದೆ. ಬೀಜಕ್ಕೆ 9,800, ಕೂಲಿ ಕರೆಂಟಿಗೆ 700 ರೂಪಾಯಿ. ಹಿಂಡಿಯಲ್ಲಿ ಒಂದು ಭಾಗವನ್ನು ನನ್ನ ತಮ್ಮ ತನ್ನ ಹಸುಗಳಿಗೆ ಒಯ್ಯುತ್ತಾನೆ, ಅಸಲು ದರಕ್ಕೆ ಕೊಡುವುದೆಂದು ಮಾತು. ತೂಕದ ಮೇಲೆ ಹಂಚಿದರೆ ಹಿಂಡಿಯ ಅಸಲೇ ಕಿಲೋಗೆ 107 ಆಗುತ್ತದೆ, ಅಂಗಡಿಯಲ್ಲಿ 45ಕ್ಕೆ ಸಿಗುವ ಹಿಂಡಿಗೆ! ಅವನಿಗೆ ಯಾವ ದರ ಹಾಕಲಿ?»

ತಮ್ಮನಿಗೆ ಕಿಲೋಗೆ 37 ರೂಪಾಯಿ 50 ಪೈಸೆ ಹಾಕಬಹುದು ಎಂಬುದು ನನ್ನ ಉತ್ತರ. ಆ ಅಂಕಿ ಹೇಗೆ ಬಂತು, ಯಾವಾಗ ಬದಲಾಗುತ್ತದೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ. ಚಳ್ಳಕೆರೆ ಸೀಮೆಯಲ್ಲಿ ನಮ್ಮದೂ ಒಂದು ಮರದ ಗಾಣವಿದೆ, ಮತ್ತು ಇದೇ ಲೆಕ್ಕದಲ್ಲಿ ನಾವು ಒಮ್ಮೆ ದುಡ್ಡು ಕಳೆದುಕೊಂಡಿದ್ದೇವೆ.

ಮೊದಲು ಗಮನಿಸಬೇಕಾದದ್ದು ಗಾಣದ ಒರಳನ್ನು. ಎಣ್ಣೆ ತೂತಿನಿಂದ ಪಾತ್ರೆಗೆ ಇಳಿದು, ಹಿಂಡಿಯನ್ನು ಕಿತ್ತು ತಟ್ಟೆಗೆ ಹಾಕುವ ಆ ಗಳಿಗೆಯವರೆಗೆ ನೀವು ಮಾಡಿದ 10,500 ರೂಪಾಯಿ ಖರ್ಚಿನಲ್ಲಿ ಎಷ್ಟು ಎಣ್ಣೆಗಾಗಿ, ಎಷ್ಟು ಹಿಂಡಿಗಾಗಿ ಎಂದು ಯಾರೂ ಬೇರ್ಪಡಿಸಿ ತೋರಿಸಲಾರರು. ಎಣ್ಣೆ ಬೇಡ, ಹಿಂಡಿ ಮಾತ್ರ ಬೇಕು ಎಂದು ಬೀಜ ಅರೆಯುವ ದಾರಿಯೇ ಇಲ್ಲ. ಆದ್ದರಿಂದ ಈ ಹಂಚಿಕೆ ಅಳೆದು ಕಂಡುಕೊಳ್ಳುವ ಸತ್ಯವಲ್ಲ, ನಾವು ಒಪ್ಪಿಕೊಳ್ಳುವ ಒಂದು ನ್ಯಾಯ. ಎರಡೂ ಬೇರೆಯಾದ ಆ ಹಂತದಲ್ಲಿ, ಅಂದರೆ ಗಾಣದ ಬಾಯಲ್ಲೇ, ಯಾವುದಕ್ಕೆ ಎಷ್ಟು ಬೆಲೆ ಬರುತ್ತದೆಯೋ ಆ ಪ್ರಮಾಣದಲ್ಲಿ ಖರ್ಚನ್ನು ಹೊರಿಸುವುದು ನನಗೆ ಒಪ್ಪುವ ನ್ಯಾಯ.

ನಮ್ಮ ಕಡೆ ಊರಿನವರು ಕ್ಯಾನು ತಂದು ಗಾಣದಿಂದ ಇಳಿದ ಎಣ್ಣೆಯನ್ನು ಬಿಡಿಯಾಗಿ ಕೊಳ್ಳುತ್ತಾರೆ. ನಿಮ್ಮಲ್ಲಿಯೂ ಹಾಗೆ ಕಿಲೋಗೆ 240 ರೂಪಾಯಿ ಬರುತ್ತದೆ ಎಂದು ಹಿಂದಿನ ತಿಂಗಳ ನಿಮ್ಮ ಬರಹದಲ್ಲಿ ಓದಿದ ನೆನಪು. 42 ಕಿಲೋಗೆ 10,080 ಆಯಿತು. ಹಿಂಡಿ 56 ಕಿಲೋ, 45ರ ದರದಲ್ಲಿ 2,520. ಒಟ್ಟು 12,600. ಇದರಲ್ಲಿ ಎಣ್ಣೆಯ ಪಾಲು ನೂರಕ್ಕೆ 80, ಹಿಂಡಿಯದು 20. ಅದೇ ಪ್ರಮಾಣದಲ್ಲಿ 10,500ನ್ನು ಒಡೆದರೆ ಎಣ್ಣೆಗೆ 8,400, ಹಿಂಡಿಗೆ 2,100 ಬೀಳುತ್ತದೆ. ಕಿಲೋ ಲೆಕ್ಕದಲ್ಲಿ ಎಣ್ಣೆಯ ಅಸಲು 200, ಹಿಂಡಿಯದು 37.50. ಕಡಿಮೆಯಾದ ಎರಡು ಕಿಲೋ ತೇವ ಆರಿ, ದೂಳಾಗಿ ಹೋದದ್ದು. ಅದಕ್ಕೆ ಬೇರೆ ಅಸಲು ಹಾಕಬೇಕಿಲ್ಲ, ಉಳಿದೆರಡರ ಮೇಲೆ ಅದು ತಾನಾಗಿ ಕೂತಿದೆ. ಲೆಕ್ಕ ಸರಿಯಿದೆಯೇ ಎಂದು ನೋಡಲು ಒಂದು ಸುಲಭದ ಗುರುತಿದೆ: ಗಾಣದ ಬಾಯಿಯ ದರದಲ್ಲಿ ಎರಡರಲ್ಲೂ ಲಾಭದ ಶೇಕಡಾ ಒಂದೇ ಬರಬೇಕು. ಇಲ್ಲಿ ಎಣ್ಣೆಯಲ್ಲಿ 1,680, ಹಿಂಡಿಯಲ್ಲಿ 420, ಎರಡೂ ಮಾರಾಟದ ಆರನೆಯ ಒಂದು ಭಾಗ. ಬೇರೆ ಬೇರೆ ಬಂದರೆ ಎಲ್ಲೋ ಗುಣಿಸುವಾಗ ತಪ್ಪಿದೆ ಎಂದು ತಿಳಿಯಬೇಕು.

ತೂಕದ ಮೇಲೆ ಹಂಚುವುದೇ ನ್ಯಾಯ, ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂದು ಮೇಲೆ ಬರೆದ ಸ್ನೇಹಿತರ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದೇ ಬೀಜವನ್ನು ಜರಡಿ ಹಿಡಿದು ದಪ್ಪ, ಸಣ್ಣ ಎಂದು ಬೇರ್ಪಡಿಸುವಾಗ ಎರಡರ ಬೆಲೆಯೂ ಹತ್ತಿರ ಹತ್ತಿರವೇ ಇರುತ್ತದೆ, ಅಲ್ಲಿ ತೂಕ ಸಾಕು. ಆದರೆ ಒಂದು ಕಿಲೋಗೆ 240, ಇನ್ನೊಂದು ಕಿಲೋಗೆ 45 ಬರುವಲ್ಲಿ ತೂಕ ಹಿಡಿದರೆ ಎಣ್ಣೆಯ ಮೇಲೆ 4,500, ಹಿಂಡಿಯ ಮೇಲೆ 6,000 ಬೀಳುತ್ತದೆ. ಪುಸ್ತಕದಲ್ಲಿ ಹಿಂಡಿಗೆ 3,480 ನಷ್ಟ, ಎಣ್ಣೆಗೆ 5,580 ಲಾಭ ಎಂದು ಕಾಣುತ್ತದೆ. ಕೂಡಿ ನೋಡಿದರೆ ಅದೇ 2,100. ಜೇಬಿನಲ್ಲಿ ಏನೂ ಬದಲಾಗಿಲ್ಲ, ಆದರೆ ಆ ಪುಸ್ತಕ ನೋಡಿದವರು ಹಿಂಡಿಯ ವ್ಯಾಪಾರವನ್ನೇ ಬಿಡೋಣ ಎನ್ನುತ್ತಾರೆ.

ನಮಗೆ ಪೆಟ್ಟು ಬಿದ್ದದ್ದು ಹೀಗೆಯೇ. ಒಂದು ವರ್ಷ ಮಾರ್ಚ್ 31ರಂದು ನಮ್ಮಲ್ಲಿ ಎಣ್ಣೆ ಎಲ್ಲ ಮಾರಾಟವಾಗಿ, 600 ಕಿಲೋ ಹಿಂಡಿ ಉಳಿದಿತ್ತು. ಲೆಕ್ಕ ಬರೆಯುತ್ತಿದ್ದವರು ಅದನ್ನು ತೂಕದ ಅಸಲಿಗೆ, ಕಿಲೋಗೆ 107ರಂತೆ, ಸುಮಾರು 64,000 ರೂಪಾಯಿ ದಾಸ್ತಾನು ಎಂದು ತೋರಿಸಿದರು. ಮಾರಿದರೆ ಅದಕ್ಕೆ ಬರುತ್ತಿದ್ದದ್ದು 27,000. ಬೆಲೆಯ ಮೇಲೆ ಹಂಚಿದ್ದರೆ 22,500 ಆಗುತ್ತಿತ್ತು. ದಾಸ್ತಾನು ಊದಿಕೊಂಡಷ್ಟೂ ಆ ವರ್ಷದ ಲಾಭ ಊದಿತು, ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿದೆವು. ಇದರಲ್ಲಿ ಎರಡು ತಪ್ಪುಗಳಿದ್ದವು ಎಂದು ಆಮೇಲೆ ತಿಳಿಯಿತು: ಹಂಚಿದ ಬಗೆ ಒಂದು, ದಾಸ್ತಾನಿಗೆ ಅಸಲು ಮತ್ತು ಮಾರಿದರೆ ಕೈಗೆ ಬರುವ ಹಣ, ಇವೆರಡರಲ್ಲಿ ಕಡಿಮೆಯದನ್ನು ಹಿಡಿಯಬೇಕೆಂಬ ನಿಯಮವನ್ನು ಮರೆತದ್ದು ಇನ್ನೊಂದು. ಇದು ನಿಮಗೂ ಅನ್ವಯಿಸುತ್ತದೆ. ಮಳೆಗಾಲದಲ್ಲಿ ಹಿಂಡಿಗೆ ಬೂಷ್ಟು ಹಿಡಿದು ದರ 30ಕ್ಕೆ ಇಳಿದರೆ, ಅಸಲು 37.50 ಇದ್ದರೂ ಪುಸ್ತಕದಲ್ಲಿ 30 ಎಂದೇ ಬರೆಯಬೇಕು. ಬೂಷ್ಟು ಹಿಡಿದದ್ದನ್ನು ತಮ್ಮನ ಹಸುಗಳಿಗಂತೂ ಯಾವ ದರಕ್ಕೂ ಕೊಡಬೇಡಿ, ಶೇಂಗಾ ಹಿಂಡಿಯ ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ.

ಈಗ ಎಡವುವ ಜಾಗಕ್ಕೆ ಬರುತ್ತೇನೆ. ನೀವು ಹೆಚ್ಚಿನ ಎಣ್ಣೆಯನ್ನು ಬಾಟಲಿಗೆ ತುಂಬಿ ಲೀಟರಿಗೆ 300ರಂತೆ ಮಾರುತ್ತೀರಿ. ಆ 300ನ್ನು ಈ ಹಂಚಿಕೆಗೆ ತರಬಾರದು. ಎಣ್ಣೆಯನ್ನು ಮೂರು ದಿನ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಬಾಟಲಿ, ಚೀಟಿ, ಸಾಗಣೆ ಎಲ್ಲ ಸೇರಿದ ಮೇಲೆ ಬಂದ ಬೆಲೆ ಅದು. ಅದರಲ್ಲಿ ನಿಮ್ಮ ಓಡಾಟದ ಫಲವೂ ಇದೆ. ಹಾಗೆಯೇ ಬಾಟಲಿಯ ಖರ್ಚು ಎಣ್ಣೆಗೆ ಮಾತ್ರ ಸೇರಿದ್ದು, 10,500ರ ಒಳಗೆ ನುಸುಳಬಾರದು. ಬಿಡಿ ಎಣ್ಣೆಗೆ ನಿಮ್ಮೂರಿನಲ್ಲಿ ದರವೇ ಇಲ್ಲದಿದ್ದರೆ ಮಾತ್ರ ಬಾಟಲಿಯ ಬೆಲೆಯಿಂದ ಹಿಂದಕ್ಕೆ ಬರಬೇಕು. ಆಗ ಕಿಲೋ, ಲೀಟರು ಬೆರೆಸಿ ತಪ್ಪುವವರು ಬಹಳ. ಒಂದು ಲೀಟರು ಶೇಂಗಾ ಎಣ್ಣೆ ಸುಮಾರು 915 ಗ್ರಾಂ ತೂಗುತ್ತದೆ. 42 ಕಿಲೋದಲ್ಲಿ ಎರಡು ಕಿಲೋ ಗಸಿಯಾಗಿ ತಳಕ್ಕೆ ಕೂತರೆ ಉಳಿದ 40 ಕಿಲೋ ಹತ್ತಿರ ಹತ್ತಿರ 43.7 ಲೀಟರಾಗುತ್ತದೆ. ಅದಕ್ಕೆ 13,110 ರೂಪಾಯಿ ಬಂದು, ಲೀಟರಿಗೆ 25ರಂತೆ ಬಾಟಲಿಯ ಖರ್ಚು ಕಳೆದರೆ ಸುಮಾರು 12,020 ಉಳಿಯುತ್ತದೆ. ಈ ಅಂಕಿಯ ಮೇಲೆ ಹಂಚಿದರೆ ಹಿಂಡಿಯ ಪಾಲು 1,820ಕ್ಕೆ ಇಳಿದು, ಅಸಲು ಕಿಲೋಗೆ 32.50 ಆಗುತ್ತದೆ. ನೀವು ಬಾಟಲಿ ಮಾರಿದ್ದರಿಂದ ತಮ್ಮನ ಹಿಂಡಿ ಐದು ರೂಪಾಯಿ ಅಗ್ಗವಾಯಿತು! ಹಿಂಡಿಯಲ್ಲಿ ಏನೂ ಬದಲಾಗಿಲ್ಲದಿದ್ದರೂ ಹೀಗಾಗುವುದು ನನಗೆ ಸರಿ ಕಾಣುವುದಿಲ್ಲ. ಆದ್ದರಿಂದ ಗಾಣದ ಬಾಯಿಯ ದರ ಸಿಗುವಲ್ಲಿ ಅದನ್ನೇ ಹಿಡಿಯಿರಿ.

ತಳದ ಗಸಿಯನ್ನು ಮಾರಿ ಹತ್ತಾರು ರೂಪಾಯಿ ಬಂದರೆ ಅದಕ್ಕೆ ಪ್ರತ್ಯೇಕ ಅಸಲು ಕಟ್ಟುತ್ತ ಕೂರಬೇಡಿ. ಎಣ್ಣೆಯ ಖರ್ಚಿನಲ್ಲಿ ಕಳೆದುಬಿಡಿ, ಏಕೆಂದರೆ ಅದು ಹುಟ್ಟಿದ್ದು ಎಣ್ಣೆಯಿಂದಲೇ.

ಇಲ್ಲಿಯೇ ನಿವೃತ್ತ ಲೆಕ್ಕ ಪರಿಶೋಧಕರಾದ ಹಿರಿಯರೊಬ್ಬರು ಎತ್ತಿದ ಮಾತು ಬರುತ್ತದೆ. ನಮ್ಮ ದೇಶದ ಲೆಕ್ಕಪತ್ರ ಮಾನದಂಡ 2ರಲ್ಲಿ ಈ ಎರಡೂ ದಾರಿಗಳಿವೆ ಎಂದು ಅವರು ಹೇಳಿದ್ದು ಸರಿ. ಜಂಟಿ ಉತ್ಪನ್ನಗಳಾದರೆ ಮಾರಾಟ ಮೌಲ್ಯದಂತಹ ಒಂದು ವಿವೇಕದ ಆಧಾರದ ಮೇಲೆ, ವರ್ಷದಿಂದ ವರ್ಷಕ್ಕೆ ಬದಲಿಸದೆ ಹಂಚಬೇಕು. ಗಣನೆಗೆ ಬಾರದಷ್ಟು ಸಣ್ಣ ಉಪ ಉತ್ಪನ್ನವಾದರೆ ಅದರಿಂದ ಬರುವ ಹಣವನ್ನು ಮುಖ್ಯ ಉತ್ಪನ್ನದ ಅಸಲಿನಲ್ಲಿ ಕಳೆಯಬೇಕು. ಹಿಂಡಿಯೂ ಉಪ ಉತ್ಪನ್ನವೇ, ಯಾರೂ ಹಿಂಡಿಗಾಗಿ ಗಾಣ ಹಾಕುವುದಿಲ್ಲ ಎಂಬುದು ಅವರ ವಾದ. ಅವರ ದಾರಿಯಲ್ಲಿ ನಡೆದರೆ 10,500ರಲ್ಲಿ 2,520 ಕಳೆದು ಎಣ್ಣೆಯ ಅಸಲು ಕಿಲೋಗೆ 190 ಆಗುತ್ತದೆ, ಹಿಂಡಿ 45ರಲ್ಲೇ ನಿಲ್ಲುತ್ತದೆ, ತಮ್ಮ ಪೂರಾ ಅಂಗಡಿಯ ದರ ಕೊಡಬೇಕಾಗುತ್ತದೆ. ಒಟ್ಟು ಆದಾಯದಲ್ಲಿ ಐದನೆಯ ಒಂದು ಭಾಗ ತರುವ ವಸ್ತುವನ್ನು ಸಣ್ಣದು ಎನ್ನಲು ನನಗೆ ಮನಸ್ಸು ಬಾರದು. ಆದರೆ ಎಷ್ಟು ಶೇಕಡಾದ ಕೆಳಗೆ ಸಣ್ಣದು ಎಂದು ಗೆರೆ ಎಳೆದವರಿಲ್ಲ, ಆದ್ದರಿಂದ ಹಿರಿಯರ ಮಾತನ್ನು ತಪ್ಪು ಎಂದೂ ಹೇಳಲಾರೆ. ಅಣ್ಣ ತಮ್ಮಂದಿರು ಹಂಗಾಮು ಶುರುವಾಗುವ ಮೊದಲೇ ಕೂತು ಒಂದನ್ನು ಒಪ್ಪಿಕೊಂಡು ಬರೆದಿಡುವುದು ಲೇಸು.

ಕೊಬ್ಬರಿಯ ಕರಟವನ್ನು ಹಾಗೇ ಮಾರಲೋ ಸುಟ್ಟು ಇದ್ದಿಲು ಮಾಡಲೋ, ಈ ಸೂತ್ರದಿಂದ ಹೇಳಿ ಎಂದು ಕೇಳಿದ ಸಹೋದರಿಗೆ ಒಂದು ಎಚ್ಚರಿಕೆ. ಆ ಪ್ರಶ್ನೆಗೆ ಈ ಸೂತ್ರ ಉತ್ತರ ಕೊಡುವುದಿಲ್ಲ, ಕೊಟ್ಟರೂ ದಾರಿ ತಪ್ಪಿಸುತ್ತದೆ. ನಮ್ಮ ಹಿಂಡಿಯಲ್ಲೇ ತೋರಿಸುತ್ತೇನೆ. ಹಿಂಡಿಯನ್ನು ಪುಡಿ ಮಾಡಿ ಚೀಲಕ್ಕೆ ತುಂಬಿದರೆ ಕಿಲೋಗೆ 52 ಬರುತ್ತದೆ, ಅದಕ್ಕೆ 9 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ಅಸಲು 37.50 ಮತ್ತು 9 ಕೂಡಿದರೆ 46.50, ಐದೂವರೆ ರೂಪಾಯಿ ಲಾಭ ಕಂಡಂತಾಗುತ್ತದೆ. ಆದರೆ ಪುಡಿ ಮಾಡದೆ ಕೊಟ್ಟಿದ್ದರೆ 45 ಕೈಗೆ ಬರುತ್ತಿತ್ತು. ಪುಡಿ ಮಾಡಿದ ಮೇಲೆ ಖರ್ಚು ಕಳೆದು ಉಳಿಯುವುದು 43. ಕಿಲೋಗೆ ಎರಡು ರೂಪಾಯಿ ಹೋಯಿತು. ಹಂಚಿದ ಅಸಲು ಆಗಲೇ ಖರ್ಚಾಗಿ ಹೋದ ಹಣ, ಅದು ಎರಡು ದಾರಿಯಲ್ಲೂ ಒಂದೇ. ನೀವು ಕರಟದ ಈಗಿನ ದರ, ಇದ್ದಿಲಿನ ದರ, ಸುಡುವ ಕೂಲಿ ಮತ್ತು ಸುಟ್ಟಾಗ ಎಷ್ಟು ತೂಕ ಉಳಿಯುತ್ತದೆ ಎಂಬ ನಾಲ್ಕನ್ನು ಮಾತ್ರ ನೋಡಿ. ಕರಟದ ತೂಕಕ್ಕಿಂತ ಇದ್ದಿಲಿನ ತೂಕ ಬಹಳ ಕಡಿಮೆ ಬರುತ್ತದೆ ಎಂಬುದನ್ನು ಮರೆಯಬೇಡಿ.

ಕೊನೆಯದಾಗಿ ದರದ ಮಾತು. ಹಿಂಡಿಯ ದರ ವಾರಕ್ಕೊಮ್ಮೆ ಕುಣಿಯುತ್ತದೆ. ಪ್ರತಿ ಗಾಣಕ್ಕೂ ಅಂದಿನ ದರ ಹಾಕಿದರೆ ತಮ್ಮನಿಗೆ ಸೋಮವಾರ ಒಂದು ಅಸಲು, ಶುಕ್ರವಾರ ಇನ್ನೊಂದು ಆಗಿ ಜಗಳಕ್ಕೆ ದಾರಿಯಾಗುತ್ತದೆ. ನಾವು ಆ ತಿಂಗಳಲ್ಲಿ ಗಾಣದ ಬಳಿ ನಡೆದ ಮಾರಾಟಗಳ ಸರಾಸರಿ ತೆಗೆದು, ತಿಂಗಳಿಗೊಂದೇ ಪ್ರಮಾಣ ಹಿಡಿಯುತ್ತೇವೆ. ಹಿಂಡಿಯನ್ನು ಗಾಣದಿಂದ ತೆಗೆದು ಬಿಸಿ ಆರಿದ ಕೂಡಲೇ ತೂಗಿ ಬರೆಯಿರಿ, ವಾರ ಬಿಟ್ಟು ತೂಗಿದರೆ ಒಣಗಿ ತೂಕ ಇಳಿದಿರುತ್ತದೆ. ನಿಮ್ಮ 56 ಕಿಲೋ ಯಾವಾಗ ತೂಗಿದ್ದು ಎಂಬುದನ್ನು ತಿಳಿಸಿದರೆ 37.50 ಅಂತಿಮವೇ ಅಲ್ಲವೇ ಎಂದು ಇನ್ನೊಮ್ಮೆ ನೋಡಿ ಹೇಳುತ್ತೇನೆ.